ಮಾವನ ಮಿಕ್ಸಿ ರಿಪೇರಿ ಅಂಗಡಿಗೆ 30 ಸೆಕೆಂಡಿನ ವಿಡಿಯೋ: ಬರೆದದ್ದು, ಹರಿದದ್ದು, ಕೊನೆಗೆ ಉಳಿದದ್ದು

ವಿಡಿಯೋದಲ್ಲಿ ಹೇಳೋ ಮಾತು ಕೊನೆಗೆ ಉಳಿದದ್ದು 41 ಪದ. ಅಷ್ಟು ಬರೆದು ವಿಡಿಯೋ ಮಾಡಿ ಮುಗಿಸೋಕೆ ನನಗೆ ಒಂಬತ್ತು ದಿನ ಹಿಡಿಯಿತು. ಬಹುತೇಕ ದಿನ ಕೆಲಸ ಮುಗಿಸಿ ಬಂದು ಸಂಜೆ ಒಂದೆರಡು ಗಂಟೆ ಕೂತಿದ್ದು ಅಷ್ಟೇ, ಆದರೂ ಒಂಬತ್ತು ದಿನ.

ತುಮಕೂರಿನ ಮಂಡಿಪೇಟೆ ಕಡೆ ನಮ್ಮ ಮಾವನದ್ದು ಸಣ್ಣ ಅಂಗಡಿ. ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಫ್ಯಾನು ರಿಪೇರಿ ಮಾಡುತ್ತಾರೆ. ಒಬ್ಬರೇ. ಅಂಗಡಿ ಗಲ್ಲಿಯೊಳಗೆ ಇರೋದರಿಂದ ಹಳೇ ಗಿರಾಕಿಗಳು ಬಿಟ್ಟರೆ ಹೊಸಬರು ಬರೋದು ಕಡಿಮೆ. "ವಾಟ್ಸಾಪ್ ಸ್ಟೇಟಸ್ಸಿಗೆ ಹಾಕೋಕೆ ಏನಾದ್ರೂ ಮಾಡಿಕೊಡಮ್ಮ, ಅರ್ಧ ನಿಮಿಷ ಇದ್ರೆ ಸಾಕು" ಅಂದರು. ಅರ್ಧ ನಿಮಿಷ ತಾನೇ ಅಂತ ನಾನೂ ಒಪ್ಪಿಕೊಂಡೆ. ಮುಂದೆ ಇರೋದು ದಿನದ ಲೆಕ್ಕ. ಅಂಗಡಿ ಹೆಸರು, ಫೋನ್ ನಂಬರ್ ಇಲ್ಲಿ ಹಾಕಿಲ್ಲ.

ದಿನ 1, ಸೋಮವಾರ: ಆಟೋ ಮೈಕಿನ ಭಾಷೆ

ಮೊದಲ ಸ್ಕ್ರಿಪ್ಟ್ ಹತ್ತು ನಿಮಿಷದಲ್ಲಿ ಬರೆದೆ. "ನಮಸ್ಕಾರ ತುಮಕೂರಿನ ಮಹಾಜನತೆಗೆ, ನಿಮ್ಮ ಮನೆಯ ಎಲ್ಲಾ ವಿದ್ಯುತ್ ಉಪಕರಣಗಳ ದುರಸ್ತಿಗೆ ಒಂದೇ ಹೆಸರು..." ಅಂತ ಶುರು. ಊರಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಕೂಗಿಕೊಂಡು ಹೋಗುತ್ತಾರಲ್ಲ, ಅದೇ ಧಾಟಿ. ಕಿವಿಗೆ ಅದೇ ಅಭ್ಯಾಸ ಆಗಿಬಿಟ್ಟಿದೆ, ಕೈಯಲ್ಲೂ ಅದೇ ಬಂತು.

ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ಓದಿದೆ. 58 ಸೆಕೆಂಡ್. ಪದ ಎಣಿಸಿದರೆ 112. ಅಂದರೆ ಸೆಕೆಂಡಿಗೆ ಎರಡು ಪದದ ಲೆಕ್ಕ. ಕನ್ನಡದ ಪದಗಳು ಉದ್ದ, "ಬದಲಾಯಿಸಿಕೊಡುತ್ತೇವೆ" ಅನ್ನೋದು ಒಂದೇ ಪದ ಆದರೂ ಬಾಯಲ್ಲಿ ಎರಡರಷ್ಟು ಹೊತ್ತು ತಗೊಳ್ಳುತ್ತದೆ. ಉಸಿರು ಬಿಡದೆ ಓದಿದರೂ 30 ಸೆಕೆಂಡಿಗೆ 60 ಪದ ದಾಟೋಲ್ಲ. ನಡುವೆ ಸದ್ದಿಗೆ, ಚಿತ್ರಕ್ಕೆ ಜಾಗ ಬೇಕು ಅಂದರೆ 45 ಪದಕ್ಕೆ ನಿಲ್ಲಿಸಬೇಕು. ಈ ಲೆಕ್ಕ ಬರೆಯೋಕೆ ಮುಂಚೆ ಮಾಡಬೇಕಿತ್ತು, ನಾನು ಬರೆದ ಮೇಲೆ ಮಾಡಿದೆ.

ದಿನ 2: ಪಟ್ಟಿ

ನಮಸ್ಕಾರ ತೆಗೆದೆ, ಮಹಾಜನತೆ ತೆಗೆದೆ. "ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಫ್ಯಾನ್, ಇಂಡಕ್ಷನ್ ಸ್ಟೌ, ಗೀಸರ್, ಎಲ್ಲಾ ಕಂಪನಿಯದ್ದೂ ರಿಪೇರಿ ಮಾಡಿಕೊಡಲಾಗುವುದು, ಮನೆ ಬಾಗಿಲಿಗೇ ಬಂದು ಮಾಡಿಕೊಡುತ್ತೇವೆ..." 34 ಸೆಕೆಂಡಿಗೆ ಬಂತು. ಹೆಚ್ಚುಕಡಿಮೆ ಆಯಿತಲ್ಲ ಅಂತ ಖುಷಿ.

ಪಕ್ಕದ ಮನೆ ಆಂಟಿಗೆ ಓದಿ ತೋರಿಸಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿದರು. ಮುಗಿದ ಮೇಲೆ ಸುಮ್ನೆ ಬೇರೆ ಏನೋ ಮಾತಾಡಿ, ಐದು ನಿಮಿಷ ಬಿಟ್ಟು, "ಆಂಟಿ, ಆ ಅಂಗಡಿಯಲ್ಲಿ ಏನೇನು ರಿಪೇರಿ ಮಾಡ್ತಾರೆ?" ಅಂದೆ. "ಅದೇ... ಎಲ್ಲಾ ಮಾಡ್ತಾರಲ್ವಾ?" ಅಂದರು. ಅಂಗಡಿ ಎಲ್ಲಿ ಅಂದರೆ ಗೊತ್ತಿಲ್ಲ. ಎಲ್ಲಾ ಮಾಡ್ತಾರೆ ಅಂದರೆ ಏನೂ ನೆನಪಿಲ್ಲ ಅಂತ ಅರ್ಥ.

ಮಾವನಿಗೆ ತೋರಿಸಿದರೆ ಅವರದ್ದು ಬೇರೆ ತಕರಾರು. "ಮನೆ ಬಾಗಿಲಿಗೆ ಯಾರಮ್ಮ ಹೋಗೋದು? ನಾನು ಹೋದರೆ ಅಂಗಡಿ ಯಾರು ನೋಡ್ಕೋತಾರೆ? ಇಂಡಕ್ಷನ್ ಸ್ಟೌ ಬೋರ್ಡು ನಾನು ಮುಟ್ಟೋದೇ ಇಲ್ಲ." ಹೌದು, ನಾನು ಅವರನ್ನು ಕೇಳದೇ ಬರೆದಿದ್ದೆ. ಬೇರೆ ಯಾವುದೋ ಜಾಹೀರಾತಿನಲ್ಲಿ ಇದ್ದದ್ದು ಇಲ್ಲೂ ಬಂದು ಕೂತಿತ್ತು. ಹಾಕಿಬಿಟ್ಟಿದ್ದರೆ ದಿನಕ್ಕೆ ಹತ್ತು ಫೋನು, ಹತ್ತಕ್ಕೂ "ಬರಲ್ಲ" ಅನ್ನೋ ಉತ್ತರ.

ಆವತ್ತು ಸಂಜೆ ಸ್ಕ್ರಿಪ್ಟ್ ಬಿಟ್ಟು ಅಂಗಡಿಯ ಬಿಲ್ ಪುಸ್ತಕ ತಿರುವಿದೆ. ಹಿಂದಿನ ತಿಂಗಳದ್ದು. ಅರ್ಧಕ್ಕಿಂತ ಜಾಸ್ತಿ ಮಿಕ್ಸಿಗಳೇ. ಹಾಗಾಗಿ ಮಿಕ್ಸಿ ಒಂದೇ, ಅದರಲ್ಲೂ ಒಂದೇ ತೊಂದರೆ ಅಂತ ತೀರ್ಮಾನ ಮಾಡಿದೆ. ಗ್ರೈಂಡರ್ ಇರೋರು ಮಿಕ್ಸಿ ವಿಡಿಯೋ ನೋಡಿದರೂ ಬಂದು ಕೇಳುತ್ತಾರೆ, ಅದೇನು ದೊಡ್ಡ ವಿಷಯ ಅಲ್ಲ.

ದಿನ 4: ಕೆಂಪು ಬಟನ್, ಬರೆಯೋಕೆ ಚೆಂದ, ತೋರಿಸೋಕೆ ಆಗಲ್ಲ

ಯಾವ ತೊಂದರೆ? ಮಾವ ಹೇಳಿದ್ದು: "ಜಾಸ್ತಿ ಜನ ಹೊತ್ಕೊಂಡು ಬರೋದು ಮಿಕ್ಸಿ ಆನೇ ಆಗ್ತಿಲ್ಲ ಅಂತ. ಉಲ್ಟಾ ಮಾಡಿ ಕೆಂಪು ಬಟನ್ ಒತ್ತಿದ್ರೆ ಎಷ್ಟೋ ಸಲ ಓಡುತ್ತೆ. ದುಡ್ಡು ತಗೊಳ್ಳಲ್ಲ."

ಗೊತ್ತಿಲ್ಲದವರಿಗೆ: ಬಹಳ ಮಿಕ್ಸಿಗಳ ತಳದಲ್ಲಿ ಒಂದು ಸಣ್ಣ ಕೆಂಪು ಬಟನ್ ಇರುತ್ತದೆ. ಜಾರಿಗೆ ಜಾಸ್ತಿ ತುಂಬಿ ಮೋಟಾರಿಗೆ ಭಾರ ಬಿದ್ದರೆ ಅದು ತಾನೇ ಎಗರಿ ಕರೆಂಟು ನಿಲ್ಲಿಸುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಆರೋಕೆ ಬಿಟ್ಟು, ಬಟನ್ ಒಳಕ್ಕೆ ಒತ್ತಿದರೆ ಮತ್ತೆ ಓಡುತ್ತದೆ. ಮತ್ತೆ ಮತ್ತೆ ಎಗರುತ್ತಿದ್ದರೆ ಮಾತ್ರ ಒಳಗೆ ಏನೋ ಇದೆ, ರಿಪೇರಿಗೆ ತರಬೇಕು.

ಇದು ಒಳ್ಳೇ ವಿಷಯ ಅನಿಸಿತು. "ಮಿಕ್ಸಿ ನಿಂತೋಯ್ತಾ? ಎಸೆಯೋಕೆ ಮುಂಚೆ ಉಲ್ಟಾ ಮಾಡಿ ನೋಡಿ" ಅಂತ ಶುರು ಮಾಡಿದೆ. 40 ಪದಕ್ಕೆ ಮುಗಿಯಿತು. ಅತ್ತೆ ಮಾತ್ರ "ಇದನ್ನ ಹೇಳಿಕೊಟ್ಟರೆ ಅಂಗಡಿಗೆ ಯಾರು ಬರ್ತಾರೆ?" ಅಂದರು. ಮಾವ ನಕ್ಕರು. "ಅದಕ್ಕೆ ನಾನು ದುಡ್ಡೇ ತಗೊಳ್ಳಲ್ವಲ್ಲ, ಬರದಿದ್ರೆ ನನಗೇ ಟೈಮ್ ಉಳೀತು."

ಸೋತಿದ್ದು ಬೇರೆ ಕಡೆ. ಫೋನು ಹಿಡಿದು ಮೊದಲ ಶಾಟ್ ತೆಗೆದಾಗ ಗೊತ್ತಾಯಿತು. ಕೆಟ್ಟ ಮಿಕ್ಸಿ ಅಂದರೆ ಏನೂ ಆಗದೇ ಇರೋ ಮಿಕ್ಸಿ. ಕೈ ಸ್ವಿಚ್ ತಿರುಗಿಸುತ್ತದೆ, ಏನೂ ಇಲ್ಲ. ಸದ್ದೂ ಇಲ್ಲ, ಅಲುಗಾಟವೂ ಇಲ್ಲ. ಮೂರು ಸೆಕೆಂಡ್ ಅದನ್ನು ನೋಡಿದರೆ ಫೋಟೋ ಹಾಕಿದ್ದಾರೆ ಅನಿಸುತ್ತದೆ. ಸ್ಟೇಟಸ್ ನೋಡೋರು ಬೆರಳನ್ನು ಸ್ಕ್ರೀನ್ ಮೇಲೇ ಇಟ್ಟುಕೊಂಡಿರುತ್ತಾರೆ, ಸುಮ್ಮನಿರೋ ಚಿತ್ರ ಬಂದರೆ ದಾಟಿಸಿಬಿಡುತ್ತಾರೆ. ಎಷ್ಟೋ ಜನ ಬಸ್ಸಲ್ಲಿ, ಆಫೀಸಲ್ಲಿ ಸೌಂಡ್ ಆಫ್ ಮಾಡಿ ನೋಡೋದು ಬೇರೆ. ಅಂಥವರಿಗೆ ಇದರಲ್ಲಿ ಏನೇನೂ ಇಲ್ಲ.

ಸ್ಕ್ರಿಪ್ಟ್ ಎತ್ತಿಟ್ಟೆ. ಹರಿಯಲಿಲ್ಲ.

ದಿನ 5: ಡಬ್ಬದಲ್ಲಿ ಸಿಕ್ಕಿದ್ದು

ಶುಕ್ರವಾರ ಅಂಗಡಿಯಲ್ಲಿ ಸುಮ್ನೆ ಕೂತಿದ್ದೆ. ಒಬ್ಬರು ಅಜ್ಜಿ ಬುಟ್ಟಿಯಲ್ಲಿ ಮಿಕ್ಸಿ ತಂದರು. "ಓಡುತ್ತೆ ಕಣಪ್ಪಾ, ಆದ್ರೆ ರುಬ್ಬಲ್ಲ." ಮಾವ ಜಾರ್ ಕೂರಿಸಿ ಆನ್ ಮಾಡಿದರು. ಗರಗರಗರ ಅಂತ ಸದ್ದು, ಒಳಗೆ ಬ್ಲೇಡ್ ಮಾತ್ರ ನಿಂತಲ್ಲೇ ನಿಂತಿದೆ. ಆಫ್ ಮಾಡಿ, ಪ್ಲಗ್ ಕಿತ್ತು, ಜಾರ್ ಎತ್ತಿದರು. ಮಿಕ್ಸಿ ತಲೆಯ ಮೇಲೆ, ಮೋಟಾರಿನ ತಿರುಗಾಟವನ್ನು ಜಾರಿನ ಬ್ಲೇಡಿಗೆ ದಾಟಿಸೋ ಕಪ್ಪು ಕಪ್ಲರ್‌ನ ಹಲ್ಲುಗಳು ಸವೆದು ಗುಂಡಗಾಗಿದ್ದವು. ಸುತ್ತ ಕಪ್ಪು ಪುಡಿ, ಕರೀ ಎಳ್ಳಿನ ಪುಡಿ ಥರ. ಕಪ್ಲರ್ ಬಿಚ್ಚಿ ಅಜ್ಜಿ ಕೈಗೇ ಕೊಟ್ಟರು, ಹೊಸದನ್ನು ಪಕ್ಕದಲ್ಲಿ ಇಟ್ಟರು. "ನೋಡಿ ಅಜ್ಜಿ, ಇದು ನಿಮ್ದು, ಇದು ಹೊಸದು." ಅಜ್ಜಿ ಹೆಬ್ಬೆರಳಲ್ಲಿ ಎರಡನ್ನೂ ಸವರಿ ನೋಡಿದರು. "ಅಯ್ಯೋ, ನನ್ನ ಹಲ್ಲಿದ್ದಂಗೇ ಆಗೈತೆ."

ಇದೇ ವಿಡಿಯೋ ಅನಿಸಿತು. ಸದ್ದು ಇದೆ. ಸೌಂಡ್ ಇಲ್ಲದೇ ನೋಡಿದರೂ ಹಳೇದು ಹೊಸದು ಪಕ್ಕಪಕ್ಕ ಇದ್ದರೆ ಅರ್ಥ ಆಗುತ್ತದೆ. ಜೊತೆಗೆ ಇದು ಮನೆಯಲ್ಲೇ ಕಣ್ಣಾರೆ ನೋಡಿ ಕಂಡುಹಿಡಿಯಬಹುದಾದ ತೊಂದರೆ, ಆದರೆ ಬಿಡಿಭಾಗಕ್ಕೆ ಅಂಗಡಿಗೆ ಬರಲೇಬೇಕು. ಕಪ್ಲರ್ ಎಲ್ಲಾ ಮಿಕ್ಸಿಗೂ ಒಂದೇ ಅಲ್ಲ, ಹಲ್ಲಿನ ಎಣಿಕೆ, ಅಳತೆ ಬೇರೆ ಬೇರೆ. ಮಾವನ ಹತ್ತಿರ ಒಂದು ಹಳೇ ಬಿಸ್ಕತ್ ಡಬ್ಬದ ತುಂಬ ತರಾವರಿ ಕಪ್ಲರ್ ಇವೆ.

ರಾತ್ರಿ ಬರೆದೆ. ಮಾವ ಮೂರು ಕಡೆ ತಿದ್ದಿದರು, ಮೂರೂ ಸರಿಯಾದ ತಿದ್ದುಪಡಿ.

ಒಂದು, ನಾನು "ಜಾರ್ ಎತ್ತಿ ನೋಡಿ" ಅಂತ ಬರೆದಿದ್ದೆ. "ಪ್ಲಗ್ ಕೀಳೋದು ಯಾರು ಹೇಳ್ತಾರೆ? ಓಡ್ತಿರೋ ಕಪ್ಲರ್‌ಗೆ ಬೆರಳು ಹಾಕಿದ್ರೆ?" ಎರಡು ಪದ ಜಾಸ್ತಿ ಆಯಿತು, ಹಾಕಿದೆ.

ಎರಡು, "ಇದೊಂದು ಬದಲಾಯಿಸಿದ್ರೆ ಸಾಕು" ಅಂತ ಇತ್ತು. ಎಲ್ಲಾ ಸಲ ಸಾಕಾಗಲ್ಲ. ಜಾರಿನ ತಳದಲ್ಲೂ ಒಂದು ಕಪ್ಲರ್ ಇರುತ್ತದೆ, ಅದೂ ಸವೆದಿರಬಹುದು, ಬ್ಲೇಡಿನ ಕಡ್ಡಿ ತಿರುಗೋ ಬುಷ್ ಹೋಗಿರಬಹುದು. "ಬಹುತೇಕ ಅಂತ ಹಾಕು" ಅಂದರು.

ಮೂರು, ರೇಟು. ನಾನು "ಬರೀ 120 ರೂಪಾಯಿ" ಅಂತ ದೊಡ್ಡದಾಗಿ ಹಾಕಿದ್ದೆ, ಅಜ್ಜಿಯಿಂದ ತಗೊಂಡಿದ್ದು ಅಷ್ಟೇ. ಮಾವ ತಲೆ ಅಲ್ಲಾಡಿಸಿದರು. ಬೇರೆ ಮಿಕ್ಸಿಗೆ ಬೇರೆ ಕಪ್ಲರ್, ಬೇರೆ ರೇಟು. ನಾಳೆ ಒಬ್ಬರು ಫೋನ್ ಹಿಡಿದು "ವಿಡಿಯೋದಲ್ಲಿ 120 ಅಂದಿದ್ದೀರಿ" ಅಂತ ಜಗಳಕ್ಕೆ ನಿಂತರೆ? ರೇಟಿನ ಬದಲು ಅವರು ಗಿರಾಕಿಗಳಿಗೆ ದಿನಾ ಹೇಳೋ ಮಾತನ್ನೇ ಹಾಕಿದೆ.

ಕೊನೆಗೆ ನಿಂತ ಸ್ಕ್ರಿಪ್ಟ್ ಇದು:

0–3 ಸೆಕೆಂಡ್: ಜಾರ್ ಒಳಗೆ ಹತ್ತಿರದಿಂದ. ತೆಂಗಿನಕಾಯಿ ಚೂರು, ಹಸಿಮೆಣಸಿನಕಾಯಿ ಇದ್ದಲ್ಲೇ ಇವೆ. ಗರಗರ ಸದ್ದು. ಮಾತಿಲ್ಲ. ಸ್ಕ್ರೀನ್ ಮೇಲೆ: "ಮಿಕ್ಸಿ ಓಡ್ತಿದೆ, ಚಟ್ನಿ ಆಗ್ತಿಲ್ಲ!"

3–8: ಮಾವನ ಕೈ ಪ್ಲಗ್ ಕೀಳುತ್ತದೆ. ಮಾತು: "ಮೋಟಾರ್ ಓಡ್ತಿದೆ, ಬ್ಲೇಡ್ ತಿರುಗ್ತಿಲ್ಲ ಅಂದ್ರೆ ಮಿಕ್ಸಿ ಹೋಯ್ತು ಅಂತ ಅಲ್ಲ."

8–16: ಜಾರ್ ಎತ್ತಿ, ಸವೆದ ಕಪ್ಲರ್. ಆಮೇಲೆ ಅಂಗೈ ಮೇಲೆ ಹಳೇದು, ಹೊಸದು. ಮಾತು: "ಪ್ಲಗ್ ಕಿತ್ತು, ಜಾರ್ ಎತ್ತಿ ನೋಡಿ. ಈ ಹಲ್ಲು ಸವೆದಿರುತ್ತೆ. ಇದಕ್ಕೆ ಕಪ್ಲರ್ ಅಂತಾರೆ. ಬಹುತೇಕ ತೊಂದರೆ ಇಷ್ಟೇ."

16–20: ಹೊಸ ಕಪ್ಲರ್ ಕೂರಿಸಿ ಆನ್. ಚಟ್ನಿ ರುಬ್ಬೋ ಸದ್ದು. ಮಾತಿಲ್ಲ.

20–25: ಮಾವನ ಮುಖ, ಕೌಂಟರ್ ಹಿಂದೆ. ಮಾತು: "ಮೊದಲು ನೋಡ್ತೀವಿ, ರೇಟ್ ಹೇಳ್ತೀವಿ, ನೀವು ಹೂಂ ಅಂದ ಮೇಲೇ ಬಿಚ್ಚೋದು."

25–30: ಗಲ್ಲಿ ಬಾಯಿಂದ ಅಂಗಡಿ ಬೋರ್ಡು. ಮಾತು: "ತುಮಕೂರು ಮಂಡಿಪೇಟೆ, ಬೇಳೆ ಅಂಗಡಿ ಸಾಲಿನ ಹಿಂದಿನ ಗಲ್ಲಿ. ಭಾನುವಾರ ರಜ." ಸ್ಕ್ರೀನ್ ಮೇಲೆ ಫೋನ್ ನಂಬರ್.

ನಂಬರ್ ಬಾಯಲ್ಲಿ ಹೇಳಿಸಲಿಲ್ಲ. ಹತ್ತು ಅಂಕಿ ನಿಧಾನವಾಗಿ ಹೇಳೋಕೆ ಐದು ಸೆಕೆಂಡ್ ಬೇಕು, ಕೇಳಿದವರು ಯಾರೂ ನೆನಪಿಟ್ಟುಕೊಳ್ಳಲ್ಲ. ಗಲ್ಲಿಯ ಗುರುತು ನೆನಪಿರುತ್ತದೆ.

ದಿನ 6: ಟ್ಯೂಬ್‌ಲೈಟ್ ಕೆಡಿಸಿದ್ದು

ಶನಿವಾರ ಸಂಜೆ ಶೂಟಿಂಗಿಗೆ ಹೋದೆ. ಪೂರ್ತಿ ದಂಡ. ಅಂಗಡಿಯಲ್ಲಿ ಎರಡು ಹಳೇ ಟ್ಯೂಬ್‌ಲೈಟ್. ಕಣ್ಣಿಗೆ ಏನೂ ಗೊತ್ತಾಗಲ್ಲ, ವಿಡಿಯೋದಲ್ಲಿ ಮಾತ್ರ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಕ್ಯಾಮೆರಾದ ಪ್ರೊ ಮೋಡಿಗೆ ಹೋಗಿ ಶಟರ್ ವೇಗ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಯಿತು, ಆದರೆ ಚಿತ್ರ ಕತ್ತಲಾಯಿತು. ಜೊತೆಗೆ ಗಲ್ಲಿಯಲ್ಲಿ ಗೂಡ್ಸ್ ಆಟೋಗಳ ಸದ್ದು. ಬಾಗಿಲು ಹಾಕಿ ಮನೆಗೆ ಬಂದೆವು.

ದಿನ 7, ಭಾನುವಾರ: ಅಂಗೈ ಶಾಟ್

ಬೆಳಿಗ್ಗೆ 7ಕ್ಕೆ ಅಂಗಡಿಯ ಶಟರ್ ಪೂರ್ತಿ ಎತ್ತಿ, ಟ್ಯೂಬ್‌ಲೈಟ್ ಆರಿಸಿ, ಟೇಬಲನ್ನು ಬಾಗಿಲ ಹತ್ತಿರ ಎಳೆದು ಹಗಲ ಬೆಳಕಲ್ಲೇ ತೆಗೆದೆ. ಫೋನು ನಿಲ್ಲಿಸೋಕೆ ಒಂದು ಸಣ್ಣ ಟ್ರೈಪಾಡ್, 350 ರೂಪಾಯಿ. ಫೋನು ಉದ್ದುದ್ದ ಹಿಡಿಯೋದು ಅಂತ ಹೇಳಬೇಕಿಲ್ಲ, ಆದರೂ ಮೊದಲ ಶಾಟ್ ಅಡ್ಡಡ್ಡ ತೆಗೆದಿದ್ದೆ.

ಕಪ್ಲರ್ ಶಾಟ್ ಒಂದಕ್ಕೇ 40 ನಿಮಿಷ ಹೋಯಿತು. ಹತ್ತಿರ ಹೋದಷ್ಟೂ ಫೋಕಸ್ ಹಿಂದಿನ ಗೋಡೆಗೆ ಓಡುತ್ತಿತ್ತು. ಒಂದು ಗೇಣು ಹಿಂದೆ ಸರಿದು, ಎರಡು ಪಟ್ಟು ಝೂಮ್ ಮಾಡಿ, ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿದ ಮೇಲೆ ಸರಿಹೋಯಿತು. ಮೊದಲು ಕಪ್ಲರ್‌ಗಳನ್ನು ಟೇಬಲ್ ಮೇಲೆ ಇಟ್ಟಿದ್ದೆ. ಟೇಬಲ್ಲೂ ಕಪ್ಪು, ಕಪ್ಲರೂ ಕಪ್ಪು, ಹಲ್ಲು ಕಾಣಲೇ ಇಲ್ಲ. ಬಿಳಿ ಕಾಗದದ ಮೇಲೆ ಇಟ್ಟರೆ ಕಾಗದ ಹೊಳೆದು ಕಪ್ಲರ್ ಬರೀ ನೆರಳಾಯಿತು. ಮಾವ ಬೇಜಾರಾಗಿ ಎರಡನ್ನೂ ಅಂಗೈಗೆ ಹಾಕಿಕೊಂಡು "ಇದನ್ನ ಹಿಂಗೆ ತೋರಿಸಮ್ಮ ಸಾಕು" ಅಂದರು. ಅದೇ ಸರಿಯಾದದ್ದು. ಗ್ರೀಸ್ ಕೂತ ರೇಖೆಗಳ ಅಂಗೈ, ಮೇಲೆ ಬಾಗಿಲಿನ ಬೆಳಕು ಒಂದು ಕಡೆಯಿಂದ, ಹೊಸದರ ಹಲ್ಲು ಚೂಪಾಗಿ ನೆರಳು ಬಿಡುತ್ತದೆ, ಹಳೇದು ಬೋಡು. ಆ ಬೋಡು ಕಪ್ಲರನ್ನೇ ಮತ್ತೆ ಮಿಕ್ಸಿಗೆ ಹಾಕಿ ಮೊದಲ ಶಾಟ್ ತೆಗೆದೆವು, ಸುಳ್ಳು ನಟನೆ ಏನೂ ಇಲ್ಲ. ಜಾರ್ ಮುಚ್ಚಳ ಪಾರದರ್ಶಕ ಇದ್ದದ್ದು ಅದೃಷ್ಟ. ಮಿಕ್ಸಿ ಮೇಲಿನ ಕಂಪನಿ ಹೆಸರಿಗೆ ಕಪ್ಪು ಟೇಪ್ ಹಚ್ಚಿದೆವು, ಮಾವ ಯಾವ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರೂ ಅಲ್ಲ, ಹಾಗೆ ಕಾಣಿಸಲೂಬಾರದು.

ದಿನ 8: ಮಾವನ ಧ್ವನಿ

ಕಾಗದ ಕೈಗೆ ಕೊಟ್ಟರೆ ಮಾವ ಶಾಲೆಯ ಪ್ರಾರ್ಥನೆ ಹೇಳೋ ಹಾಗೆ ಓದಿದರು. ಎಂಟು ಸಲ ಓದಿಸಿದೆ, ಒಂಬತ್ತನೇ ಸಲಕ್ಕೆ ಅವರಿಗೂ ಸಿಟ್ಟು ಬಂತು. ಕಾಗದ ಕಿತ್ತುಕೊಂಡು, "ಮಾವ, ನಾನು ಗಿರಾಕಿ. ನಮ್ಮ ಮಿಕ್ಸಿ ಓಡುತ್ತೆ, ರುಬ್ಬಲ್ಲ. ಹೊಸದು ತಗೊಳ್ಳಲಾ?" ಅಂದೆ. ತಕ್ಷಣ ಧ್ವನಿ ಬದಲಾಯಿತು. ಪದಗಳು ಸ್ವಲ್ಪ ಹಿಂದೆ ಮುಂದೆ ಆದವು, ಮೂರು ಸಲ ಕೇಳಿ ಸರಿಯಾದ ತುಂಡುಗಳನ್ನು ಆರಿಸಿಕೊಂಡೆ.

ರೆಕಾರ್ಡ್ ಮಾಡಿದ್ದು ಮನೆಯ ಮಲಗೋ ಕೋಣೆಯಲ್ಲಿ, ಕಿಟಕಿ ಹಾಕಿ, ಫ್ಯಾನ್ ಆರಿಸಿ, ಮುಂದೆ ಎರಡು ರಗ್ಗು ನೇತುಹಾಕಿ. ಇನ್ನೊಂದು ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಮುಂದೆ ಹಿಡಿದಾಗ "ಪ್ಲಗ್" ಅಂದಾಗೆಲ್ಲ ಗಾಳಿ ಊದಿದ ಸದ್ದು ಬರುತ್ತಿತ್ತು. ಸಿನಿಮಾ ಹಾಡು ಹಾಕೋ ಆಸೆ ಮಾವನಿಗಿತ್ತು. ಬೇರೆಯವರ ಹಾಡನ್ನು ಜಾಹೀರಾತಿಗೆ ಹಾಕಿದರೆ ಸೌಂಡೇ ಮ್ಯೂಟ್ ಆಗಬಹುದು, ಅದೂ ಅಲ್ಲದೆ ಮಿಕ್ಸಿ ಸದ್ದೇ ಇಲ್ಲಿ ಹಾಡು.

ದಿನ 9: ಒತ್ತಕ್ಷರ ಕತ್ತರಿಸಿದ ಆ್ಯಪ್

ಜೋಡಿಸೋಕೆ ಒಂದು ಗಂಟೆ. ಅಕ್ಷರ ಹಾಕೋಕೆ ಎರಡು ಗಂಟೆ. ಆ್ಯಪಿನಲ್ಲಿ ಅಕ್ಷರದ ಹಿಂದೆ ಹಳದಿ ಪಟ್ಟಿ ಹಾಕಿದರೆ, ಪಟ್ಟಿಯ ಕೆಳಗಡೆ ಒತ್ತುಗಳು ಕತ್ತರಿಸಿಹೋಗುತ್ತಿದ್ದವು. "ಚಟ್ನಿ"ಯ ಕೆಳಗಿನ ನ ಒತ್ತು ಮಾಯ, "ಚಟಿ" ಆಗಿತ್ತು. "ಮಿಕ್ಸಿ" ಹೋಗಿ "ಮಿಕಿ". ಎಡಿಟ್ ಮಾಡುವಾಗ ಸರಿಯಾಗೇ ಕಾಣುತ್ತಿತ್ತು, ಸೇವ್ ಮಾಡಿದ ಮೇಲೆ ಮಾತ್ರ ಹೀಗೆ. ಪಟ್ಟಿ ತೆಗೆದು, ದಪ್ಪ ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಹಾಕಿ, ಎರಡು ಸಾಲಿನ ನಡುವೆ ಜಾಗ ಜಾಸ್ತಿ ಮಾಡಿದ ಮೇಲೆ ಉಳಿಯಿತು. ಸೇವ್ ಆದ ಫೈಲನ್ನೇ ತೆರೆದು ನೋಡಿ, ಎಡಿಟಿಂಗ್ ಪರದೆ ನಂಬಬೇಡಿ.

ತೆಳು ಅಕ್ಷರಗಳು ವಾಟ್ಸಾಪಿನಲ್ಲಿ ಕಳಿಸಿದ ಮೇಲೆ ಮಸುಕಾದವು, ಅದಕ್ಕೂ ದಪ್ಪವೇ ಸರಿ. ಫೋನನ್ನು ಟೇಬಲ್ ಮೇಲೆ ಇಟ್ಟು ಒಂದು ಮಾರು ದೂರ ನಿಂತು ಓದೋಕೆ ಆಗುತ್ತಾ ಅಂತ ಅತ್ತೆ ಕೈಲಿ ನೋಡಿಸಿದೆ, ಕನ್ನಡಕ ಇಲ್ಲದೆ.

ಖರ್ಚು: ಟ್ರೈಪಾಡ್ 350, ತೆಂಗಿನಕಾಯಿ ಮತ್ತು ಮೆಣಸಿನಕಾಯಿ 50, ಟೇಪ್ 20. ಒಟ್ಟು 420. ಚಟ್ನಿ ದೋಸೆಗೆ ಆಯಿತು.

ಹಾಕಿದ ಮೇಲೆ

ಮೊದಲ ದಿನ ಒಂದು ತಪ್ಪು. ಆತುರದಲ್ಲಿ, ಕೊನೆಯ ಐದು ಸೆಕೆಂಡಿನಲ್ಲಿ ನಂಬರ್ ಇಲ್ಲದ ಹಳೇ ಫೈಲನ್ನು ಗ್ರೂಪಿಗೆ ಹಾಕಿದ್ದೆ, ನಂಬರ್ ವಿಡಿಯೋ ಕೆಳಗೆ ಟೈಪ್ ಮಾಡಿದ್ದೆ. ಜನ ಫಾರ್ವರ್ಡ್ ಮಾಡಿದಾಗ ವಿಡಿಯೋ ಹೋಯಿತು, ಟೈಪ್ ಮಾಡಿದ ಸಾಲು ಎಷ್ಟೋ ಕಡೆ ಹೋಗಲಿಲ್ಲ. ನಮ್ಮ ಚಿಕ್ಕಮ್ಮನೇ ಫೋನ್ ಮಾಡಿ "ಯಾರದ್ದೋ ಮಿಕ್ಸಿ ವಿಡಿಯೋ ಬಂದಿದೆ, ನಿಮ್ಮ ಮಾವನ ಥರಾನೇ ಇದ್ದಾರೆ, ನಂಬರ್ ಇಲ್ಲ ನೋಡು" ಅಂದರು. ಅಳಿಸಿ ಸರಿಯಾದದ್ದು ಹಾಕಿದೆ, ಫಾರ್ವರ್ಡ್ ಆಗಿಹೋದದ್ದನ್ನು ಏನೂ ಮಾಡೋಕಾಗಲ್ಲ.

ವಾರದಲ್ಲಿ ವಿಡಿಯೋ ನೋಡಿ ಬಂದವರು ಏಳು ಜನ. ನಾಲ್ಕು ಕಪ್ಲರ್, ಒಂದು ಜಾರ್ ಬುಷ್, ಒಂದು ಗ್ರೈಂಡರ್. ಏಳನೆಯವರು ಕಪ್ಲರನ್ನು ತಾವೇ ಬಿಚ್ಚಿ ಜೇಬಲ್ಲಿ ತಂದು, "ಇಂಥದ್ದು ಕೊಡಿ ಸಾಕು, ನಾನೇ ಹಾಕ್ಕೋತೀನಿ" ಅಂದರಂತೆ. ಮಾವ ಡಬ್ಬ ಹುಡುಕಿ ಕೊಟ್ಟರು.

ಇನ್ನೂ ಬಾಕಿ ಇರೋದು ಎರಡು. ರೀಲ್ಸಿಗೆ ಹಾಕಿದಾಗ ನಂಬರಿನ ಕೊನೆಯ ಅಂಕಿಗಳು ಬಲಗಡೆ ಲೈಕ್, ಶೇರ್ ಗುರುತುಗಳ ಹಿಂದೆ ಸೇರಿಕೊಂಡಿವೆ. ನಾನು ನಂಬರನ್ನು ಸ್ಕ್ರೀನಿನ ತೀರಾ ಕೆಳಗೆ ಇಟ್ಟಿದ್ದೆ, ಅದನ್ನು ನಡುವಿಗೆ ಎತ್ತಿ ಮತ್ತೆ ಸೇವ್ ಮಾಡಬೇಕು. ಇನ್ನೊಂದು ಆ ಕೆಂಪು ಬಟನ್. ಮಾವ ಬಿಡುತ್ತಿಲ್ಲ. ನಿಂತ ಮಿಕ್ಸಿಯ ಬದಲು, ತುಂಬಿ ತುಳುಕೋ ಜಾರಿನಲ್ಲಿ ರುಬ್ಬುತ್ತಿರುವಾಗಲೇ ಟಕ್ ಅಂತ ನಿಲ್ಲೋದರಿಂದ ಶುರು ಮಾಡಿದರೆ ಹೇಗೆ ಅಂತ ನೋಡುತ್ತಿದ್ದೇನೆ. ಬೇಕೆಂದಾಗ ಆ ಬಟನ್ ಎಗರಿಸೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದ್ದಕ್ಕೆ, "ನನ್ನ ಮಿಕ್ಸಿ ಮುಟ್ಟಬೇಡಿ" ಅಂದಿದ್ದಾರೆ ಅತ್ತೆ.